ಬೆಳಿಗ್ಗೆ ಮುಕ್ಕಾಲು ಗಂಟೆ ನಡೆಯುತ್ತೇನೆ, ಆದರೆ ಉಳಿದ ದಿನದ ಓಡಾಟ ಕರಗಿಹೋಯಿತಾ?

ಎರಡನೇ ಮಹಡಿ

ಎಂಟು ವಾರದಿಂದ ದಿನಾ ಬೆಳಿಗ್ಗೆ 45 ನಿಮಿಷ ಬಿರುಸಾಗಿ ನಡೆಯುತ್ತಿದ್ದೇನೆ. ಒಂದು ದಿನವೂ ತಪ್ಪಿಸಿಲ್ಲ. ಶುರು ಮಾಡಿದಾಗ ತೂಕ 72 ಕೆಜಿ ಇತ್ತು. ಇವತ್ತು ನೋಡಿದರೂ 72. ಊಟ ಜಾಸ್ತಿಯಾಗಿಲ್ಲ. ಮೊದಲ ವಾರದಿಂದಲೂ ತಿಂದದ್ದನ್ನೆಲ್ಲ ಬರೆದಿಟ್ಟಿದ್ದೇನೆ.

ಕೈಗಡಿಯಾರದ ಆ್ಯಪ್ ಒಂದು ನಡಿಗೆಗೆ 260 ಕ್ಯಾಲೊರಿ ಖರ್ಚಾಯಿತು ಎನ್ನುತ್ತದೆ. 56 ದಿನಕ್ಕೆ 14,560 ಆಯಿತು. ಒಂದು ಕೆಜಿ ಕೊಬ್ಬಿಗೆ 7,700 ಅಂತ ಲೆಕ್ಕ ಹಿಡಿದರೂ ಎರಡು ಕೆಜಿ ಹತ್ತಿರ ಇಳಿಯಬೇಕಿತ್ತು, ಅಲ್ವಾ?

ಮೊನ್ನೆ ನನ್ನ ಹೆಂಡತಿ ಒಂದು ಮಾತು ಹೇಳಿದಳು. "ನೀವು ಬೆಳಿಗ್ಗೆ ನಡೆಯುವುದಕ್ಕೆ ಶುರು ಮಾಡಿದ ಮೇಲೆ ಸಂಜೆ ಎದ್ದಿದ್ದನ್ನೇ ನಾನು ನೋಡಿಲ್ಲ" ಅಂತ. ಯೋಚಿಸಿದರೆ ನಿಜ ಅನಿಸಿತು. ಆಫೀಸಿನಲ್ಲೂ ಮೊದಲು ಮೆಟ್ಟಿಲು ಹತ್ತುತ್ತಿದ್ದೆ. ಈಗ ಲಿಫ್ಟ್ ಮುಂದೆ ನಿಂತಾಗ "ಬೆಳಿಗ್ಗೆಯೇ ನಡೆದಾಗಿದೆಯಲ್ಲ" ಅಂತ ಮನಸ್ಸಿಗೆ ಬರುತ್ತದೆ. ವ್ಯಾಯಾಮ ಬಿಟ್ಟು ಉಳಿದ ಓಡಾಟದಲ್ಲಿ ಇಷ್ಟೊಂದು ಖರ್ಚು ಇರುತ್ತದಾ? ಗೊತ್ತಿದ್ದವರು ಹೇಳಿ.

ನಿಂತೇ ಕೆಲಸ

ಕೂರುವುದೇ ಇದಕ್ಕೆಲ್ಲ ಮೂಲ. ನಾನು ಎತ್ತರದ ಮೇಜು ಮಾಡಿಸಿಕೊಂಡು ಒಂದು ವರ್ಷವಾಯಿತು. ದಿನಕ್ಕೆ ಆರು ಗಂಟೆ ನಿಂತೇ ಕೆಲಸ ಮಾಡುತ್ತೇನೆ. ನಿಂತರೆ ಕೂತದ್ದಕ್ಕಿಂತ ಎರಡು ಪಟ್ಟು ಖರ್ಚು. ಆರು ಗಂಟೆಗೆ ಏನಿಲ್ಲ ಅಂದರೂ 400 ಕ್ಯಾಲೊರಿ ಸಿಗುತ್ತದೆ. ನಡಿಗೆ ಬಿಟ್ಟರೂ ಪರವಾಗಿಲ್ಲ, ಮೊದಲು ಕುರ್ಚಿ ಬಿಡಿ.

ಸಂಜೆ ಗಾಳಿ

ಬೆಳಿಗ್ಗೆ ಬದಲು ಸಂಜೆ ನಡೆದು ನೋಡಿ. ನನಗೆ ಬೆಳಿಗ್ಗೆ ನಡೆದರೆ ಇಡೀ ದಿನ ತೂಕಡಿಕೆ ಬರುತ್ತಿತ್ತು. ಸಂಜೆಗೆ ಬದಲಾಯಿಸಿದ ಮೇಲೆ ನಿದ್ದೆಯೂ ಚೆನ್ನಾಗಿದೆ.

ಎರಡನೇ ಮಹಡಿ

ಸಂಜೆ ಗಾಳಿಯವರೇ, ಯಾವ ಹೊತ್ತಿನಲ್ಲಿ ನಡೆಯಬೇಕು ಅನ್ನುವುದು ನನ್ನ ಪ್ರಶ್ನೆಯಲ್ಲ. ನಡಿಗೆ ಮುಗಿದ ಮೇಲೆ ಉಳಿಯುವ 15 ಗಂಟೆಗಳ ಬಗ್ಗೆ ಕೇಳುತ್ತಿದ್ದೇನೆ. ಆದರೆ ತೂಕಡಿಕೆ ಅಂದಿರಲ್ಲ, ಅದು ನನಗೂ ಮಧ್ಯಾಹ್ನ ಬರುತ್ತಿದೆ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದು.

ಉಸಿರಿನ ಲೆಕ್ಕ

ನಾನು ಹನ್ನೊಂದು ವರ್ಷದಿಂದ ದೇಹದ ಶಕ್ತಿ ಖರ್ಚು ಅಳೆಯುವ ಪ್ರಯೋಗಾಲಯದಲ್ಲಿದ್ದೇನೆ. ಜನರ ಮುಖಕ್ಕೆ ಮಾಸ್ಕ್ ಹಾಕಿ, ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತಾರೆ ಅಂತ ಅಳೆಯುವುದೇ ದಿನದ ಕೆಲಸ. ಹಾಗಾಗಿ ಮೊದಲು ನಿಲ್ಲುವ ವಿಷಯ ಹೇಳಿಬಿಡುತ್ತೇನೆ.

ನಿಂತೇ ಕೆಲಸ ಅವರೇ, ದಿಕ್ಕು ಸರಿ, ಅಂಕಿ ಸರಿಯಿಲ್ಲ. ಸುಮ್ನೆ ನಿಲ್ಲುವುದಕ್ಕೂ ಸುಮ್ನೆ ಕೂರುವುದಕ್ಕೂ ಇರುವ ವ್ಯತ್ಯಾಸ ತುಂಬಾ ಚಿಕ್ಕದು. 46 ಅಧ್ಯಯನಗಳನ್ನು ಒಟ್ಟು ಸೇರಿಸಿ 2018ರಲ್ಲಿ ಒಂದು ವಿಶ್ಲೇಷಣೆ ಬಂತು. ಅದರ ಪ್ರಕಾರ ನಿಮಿಷಕ್ಕೆ 0.15 ಕ್ಯಾಲೊರಿ ಮಾತ್ರ ಜಾಸ್ತಿ. 65 ಕೆಜಿಯವರು ಆರು ಗಂಟೆ ಕೂರುವ ಬದಲು ನಿಂತರೆ 54 ಕ್ಯಾಲೊರಿ. ನಾವು ಅಳೆಯುವಾಗಲೂ ಹೀಗೇ ಕಾಣುತ್ತದೆ. ಎದ್ದು ನಿಂತ ಕ್ಷಣ ಖರ್ಚು ತೋರಿಸುವ ಗೆರೆ ಮೇಲೇರುತ್ತದೆ. ಎರಡು ಮೂರು ನಿಮಿಷದಲ್ಲಿ ಕೂತಿದ್ದಾಗಿನ ಮಟ್ಟದ ಹತ್ತಿರಕ್ಕೇ ಇಳಿದು ನಿಲ್ಲುತ್ತದೆ. ಅದೇ ಮನುಷ್ಯ ನಿಂತಲ್ಲೇ ಬಟ್ಟೆ ಮಡಚಲಿ, ಪಾತ್ರೆ ತೊಳೆಯಲಿ, ಗೆರೆ ಇಳಿಯುವುದಿಲ್ಲ. ನಾಲ್ಕು ಹೆಜ್ಜೆ ಹಾಕಿದರೆ, ಅದೂ ನಿಧಾನಕ್ಕೆ, ಕೂತಿದ್ದಾಗಿನ ಖರ್ಚಿನ ಎರಡರಷ್ಟಾಗುತ್ತದೆ.

ಅಂದರೆ ಎತ್ತರದ ಮೇಜಿನಿಂದ ಲಾಭ ಬರುವುದು ನಿಂತದ್ದಕ್ಕಲ್ಲ. ನಿಂತವರು ಆಚೀಚೆ ಹೋಗಿ ಬರುವುದು ಸುಲಭ ಅನ್ನುವುದಕ್ಕೆ. ಗಿಡ ನೆಟ್ಟ ಹಾಗೆ ನಿಂತರೆ ಕಾಲು ನೋವು ಬರುತ್ತದೆ ಅಷ್ಟೇ.

ಎರಡನೇ ಮಹಡಿಯವರೇ, ನಿಮ್ಮ ಹೆಂಡತಿ ಹೇಳಿದ್ದರಲ್ಲೇ ಉತ್ತರ ಇರಬಹುದು. ಆದರೆ ಊಹೆ ಬೇಡ, ನೋಡೋಣ. ಗಡಿಯಾರದಲ್ಲಿ ಹಳೆಯ ದಾಖಲೆ ಇದೆಯಾ? ನಡಿಗೆ ಶುರು ಮಾಡುವ ಮೊದಲಿನ ಎರಡು ವಾರ ಮತ್ತು ಈಗಿನ ಎರಡು ವಾರ ಬೇಕು. ರಜಾದಿನ ಬಿಟ್ಟು ಕೆಲಸದ ದಿನಗಳನ್ನು ಮಾತ್ರ ತೆಗೆದುಕೊಳ್ಳಿ. ಈಗಿನ ಒಟ್ಟು ಹೆಜ್ಜೆಯಿಂದ ಬೆಳಗಿನ ನಡಿಗೆಯ ಹೆಜ್ಜೆ ಕಳೆದು, ಉಳಿದದ್ದನ್ನು ಹಳೆಯ ಒಟ್ಟು ಹೆಜ್ಜೆಯ ಪಕ್ಕ ಇಡಿ. ಎರಡೂ ಸಲ ಒಂದೇ ಗಡಿಯಾರ, ಒಂದೇ ಕೈಯಲ್ಲಿ ಇದ್ದಿರಬೇಕು. ಫೋನಿನ ಲೆಕ್ಕ ಬೇಡ. ಮನೆಯಲ್ಲಿ ಓಡಾಡುವಾಗ ಫೋನ್ ಮೇಜಿನ ಮೇಲೆ ಇರುತ್ತದೆ.

ಅಂಗಳ ಗುಡಿಸಿದವಳು

ನನ್ನದೂ ಒಂದು ಅನುಭವ ಹೇಳಬೇಕು, ಆದರೆ ನನ್ನದು ವ್ಯಾಯಾಮವಲ್ಲ, ಊಟ ಕಡಿಮೆ ಮಾಡಿದ್ದು. ಮೂರು ತಿಂಗಳು ರಾತ್ರಿ ಊಟ ಅರ್ಧ ಮಾಡಿದೆ. ಮೊದಲ ತಿಂಗಳು ಸರಸರ ಇಳಿಯಿತು, ಆಮೇಲೆ ನಿಂತೇಹೋಯಿತು. ಮನೆಕೆಲಸವೆಲ್ಲ ಮೊದಲಿನಷ್ಟೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಒಂದು ದಿನ ಅಕ್ಕ ಬಂದವಳು, "ನೀನು ಯಾವಾಗಿಂದ ಕೂತು ತರಕಾರಿ ಹೆಚ್ಚುವುದಕ್ಕೆ ಶುರು ಮಾಡಿದೆ?" ಅಂತ ಕೇಳಿದಳು. ನನಗೇ ಗೊತ್ತಿರಲಿಲ್ಲ. ಆಮೇಲೆ ಗಮನಿಸಿದೆ. ಒಂದೊಂದೇ ಸಾಮಾನು ತರಲು ಒಳಗೆ ಹೊರಗೆ ಹೋಗುತ್ತಿದ್ದವಳು ಎಲ್ಲವನ್ನೂ ಒಂದೇ ಸಲ ತಟ್ಟೆಯಲ್ಲಿ ಹೊತ್ತು ತರುತ್ತಿದ್ದೆ. ಮಹಡಿ ಮೇಲಿನ ಕೆಲಸಗಳನ್ನು ಒಟ್ಟು ಮಾಡಿಟ್ಟು ಒಂದೇ ಸಲ ಹತ್ತುತ್ತಿದ್ದೆ. ಕೆಲಸ ಅಷ್ಟೇ ಆಗಿದೆ, ಓಡಾಟ ಅರ್ಧವಾಗಿದೆ. ಇದು ಸೋಮಾರಿತನವಾ ಅಂತ ತುಂಬಾ ಬೇಜಾರು ಮಾಡಿಕೊಂಡಿದ್ದೆ.

ಉಸಿರಿನ ಲೆಕ್ಕ

ಅಕ್ಕಾ, ಅದು ಸೋಮಾರಿತನ ಅಲ್ಲವೇ ಅಲ್ಲ. ಊಟ ಕಡಿಮೆಯಾದಾಗ ದೇಹ ಮೊದಲು ಕೈ ಹಾಕುವುದೇ ಇಂತಹ ಜಾಗಕ್ಕೆ. ಉಸಿರಾಟ, ಹೃದಯ, ಮೆದುಳು, ಇವುಗಳ ಖರ್ಚನ್ನು ಹೆಚ್ಚು ಇಳಿಸುವುದಕ್ಕೆ ಆಗುವುದಿಲ್ಲ. ಹೆಚ್ಚಿನವರಲ್ಲಿ ದಿನದ ಖರ್ಚಿನಲ್ಲಿ ನೂರಕ್ಕೆ 60ರಿಂದ 70 ಭಾಗ ಅದಕ್ಕೇ ಹೋಗುತ್ತದೆ. ತಿಂದದ್ದನ್ನು ಅರಗಿಸಲು ಇನ್ನೊಂದು 10 ಭಾಗ. ಉಳಿದದ್ದು ಚಲನೆ. ಅದರಲ್ಲಿ ವ್ಯಾಯಾಮ ಅಂತ ಹೆಸರಿಟ್ಟು ಮಾಡುವುದು ಬಹಳ ಜನರಿಗೆ ಚಿಕ್ಕ ತುಂಡು. ದೊಡ್ಡ ತುಂಡು ಈ ಬಿಡಿ ಓಡಾಟ. ಅದನ್ನು ನಾವು ಲೆಕ್ಕ ಇಡುವುದಿಲ್ಲ, ಹಾಗಾಗಿ ಕಡಿಮೆಯಾದದ್ದೂ ಕಾಣುವುದಿಲ್ಲ. ನಿಮ್ಮ ಅಕ್ಕನಿಗೆ ಕಂಡದ್ದು ಹೊರಗಿನಿಂದ ಬಂದವರು ಅನ್ನುವ ಕಾರಣಕ್ಕೆ.

ಎರಡನೇ ಮಹಡಿ

ದಾಖಲೆ ಸಿಕ್ಕಿತು. ನೀವು ಹೇಳಿದ ಹಾಗೆ ಕೆಲಸದ ದಿನಗಳದ್ದು ಮಾತ್ರ ತೆಗೆದೆ.

ಮೊದಲು: ದಿನಕ್ಕೆ ಸರಾಸರಿ 7,200 ಹೆಜ್ಜೆ. ಈಗ ಒಟ್ಟು 8,900. ಅದರಲ್ಲಿ ಬೆಳಗಿನ ನಡಿಗೆಯೇ 4,800. ಅಂದರೆ ಉಳಿದ ದಿನಕ್ಕೆ 4,100. ಬರೋಬ್ಬರಿ 3,100 ಹೆಜ್ಜೆ ಎಲ್ಲೋ ಕಳೆದುಹೋಗಿದೆ! ನೋಡಿ ಕೈಕಾಲು ಆಡಲಿಲ್ಲ.

ಎಲ್ಲಿ ಹೋಯಿತು ಅಂತ ಗಂಟೆಗಂಟೆಯ ಪಟ್ಟಿ ತೆಗೆದು ಕೂತೆ. ಒಂದು ಸಂಗತಿ ಸಿಕ್ಕಿತು. ನಡಿಗೆ ಶುರು ಮಾಡಿದ ಮೇಲೆ ಬಾಯಾರಿಕೆ ಜಾಸ್ತಿಯಾಗುತ್ತದೆ ಅಂತ ಎರಡು ಲೀಟರಿನ ಬಾಟಲಿ ತಂದು ಆಫೀಸಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಮೊದಲು ಲೋಟ ಹಿಡಿದು ಹಜಾರದ ಆ ಕೊನೆಗೆ ಹೋಗಿ ನೀರು ಕುಡಿದು ಬರುತ್ತಿದ್ದೆ. ಇವತ್ತು ಎಣಿಸಿದೆ, ಹೋಗಿ ಬರಲು 160 ಹೆಜ್ಜೆ. ದಿನಕ್ಕೆ ಏಳು ಸಲವಾದರೂ ಹೋಗುತ್ತಿದ್ದೆ. ಅಲ್ಲಿಗೆ 1,100 ಹೆಜ್ಜೆ ಆ ಬಾಟಲಿಯೊಳಗೇ ಹೋಯಿತು. ಫೋನಿನಲ್ಲಿ ಮಾತಾಡುವಾಗ ಕಿಟಕಿಯಿಂದ ಬಾಗಿಲಿನವರೆಗೆ ಓಡಾಡುವ ಅಭ್ಯಾಸ ಇತ್ತು, ಈಗ ಕೂತೇ ಮಾತಾಡುತ್ತೇನೆ. ಆ ಗಂಟೆಗಳಲ್ಲಿ ಸುಮಾರು 800 ಕಡಿಮೆ. ಉಳಿದದ್ದು ಸಂಜೆ ಮನೆಯಲ್ಲಿ. ಮೊದಲು ಊಟದ ನಂತರ ಪಾತ್ರೆ, ಬಟ್ಟೆ, ಮನೆ ಒಪ್ಪ ಮಾಡುವುದು, ಹೀಗೆ ಒಂದೂವರೆ ಗಂಟೆ ಕಾಲ ಮೇಲೆ ಇರುತ್ತಿದ್ದೆ. ಈಗ ಆ ಕೆಲಸ ಹೆಂಡತಿ ಮತ್ತು ಮಗನ ಪಾಲಿಗೆ ಹೋಗಿದೆ. ಇದು ತೂಕಕ್ಕಿಂತ ಹೆಚ್ಚು ಮನಸ್ಸಿಗೆ ಚುಚ್ಚಿತು.

ಉಸಿರಿನ ಲೆಕ್ಕ

ತುಂಬಾ ಚೆನ್ನಾಗಿ ಹುಡುಕಿದ್ದೀರಿ. ಈಗ ಲೆಕ್ಕ ಮಾಡೋಣ. ಎಲ್ಲ ಅಂದಾಜು, ಆದರೆ ಅಳತೆ ಸಿಗುತ್ತದೆ.

ಮೊದಲು ನಡಿಗೆ. 72 ಕೆಜಿಯವರು 45 ನಿಮಿಷ ಬಿರುಸಾಗಿ ನಡೆದರೆ ಖರ್ಚು 215 ಹತ್ತಿರ. ಗಡಿಯಾರ 260 ಎನ್ನುವುದು ಸ್ವಲ್ಪ ಧಾರಾಳ. ಇನ್ನೊಂದು ಮುಖ್ಯ ವಿಷಯ, ಆ 45 ನಿಮಿಷ ನೀವು ಕುರ್ಚಿಯಲ್ಲಿ ಕೂತಿದ್ದರೂ 70 ಖರ್ಚಾಗುತ್ತಿತ್ತು. ಅದನ್ನು ಕಳೆಯಲೇಬೇಕು. ಹಾಗಾಗಿ ನಡಿಗೆ ನಿಮಗೆ ಹೊಸದಾಗಿ ತಂದುಕೊಟ್ಟದ್ದು 145.

ಈಗ ಹೋದದ್ದು. 3,100 ಬಿಡಿ ಹೆಜ್ಜೆ ಅಂದರೆ ನಿಧಾನ ನಡಿಗೆ ಸುಮಾರು 35 ನಿಮಿಷ. ಕೂತದ್ದಕ್ಕಿಂತ ಜಾಸ್ತಿಯಾಗುವ ಖರ್ಚು 50. ಸಂಜೆಯ ಒಂದೂವರೆ ಗಂಟೆ ನಿಂತು ಮಾಡುವ ಹಗುರ ಕೆಲಸಕ್ಕೆ ಇನ್ನೊಂದು 75. ಸಂಜೆಯ ಕೆಲವು ಹೆಜ್ಜೆ ಎರಡೂ ಕಡೆ ಸೇರಿರುತ್ತದೆ, ಅದಕ್ಕೆ ಸ್ವಲ್ಪ ಬಿಟ್ಟುಬಿಡೋಣ. ಒಟ್ಟು 100ರಿಂದ 125 ಹೋಗಿದೆ.

145 ಬಂತು, ನೂರಕ್ಕಿಂತ ಜಾಸ್ತಿ ಹೋಯಿತು. ಕೈಯಲ್ಲಿ ಉಳಿದದ್ದು ದಿನಕ್ಕೆ 20ರಿಂದ 45. ಎಂಟು ವಾರಕ್ಕೆ ನೂರೈವತ್ತರಿಂದ ಮುನ್ನೂರು ಚಿಲ್ಲರೆ ಗ್ರಾಂ ಕೊಬ್ಬು. ಇದನ್ನು ಮನೆಯ ತೂಕದ ಯಂತ್ರ ತೋರಿಸುವುದೇ ಇಲ್ಲ. ನೀರು ಕುಡಿದರೆ, ಉಪ್ಪು ಜಾಸ್ತಿ ತಿಂದರೆ ಅದಕ್ಕಿಂತ ಹೆಚ್ಚು ಏರಿಳಿತ ಒಂದೇ ದಿನದಲ್ಲಿ ಆಗುತ್ತದೆ.

ಇನ್ನೊಂದು ಗಮನಿಸಿ. ಹೆಜ್ಜೆಗಿಂತ ಸಂಜೆಯ ಮನೆಕೆಲಸವೇ ದೊಡ್ಡ ನಷ್ಟ. ಆದರೆ ಪಾತ್ರೆ ತೊಳೆಯುವುದನ್ನು ಗಡಿಯಾರ ಹೆಜ್ಜೆ ಅಂತ ಎಣಿಸುವುದಿಲ್ಲ. ಎಣಿಸಿದರೂ ಕೈ ಅಲುಗಿದ್ದಕ್ಕೆ ತಪ್ಪಾಗಿ ಎಣಿಸುತ್ತದೆ. ಹೆಜ್ಜೆ ಮಾತ್ರ ನೋಡುವವರಿಗೆ ಈ ಭಾಗ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಬರೆದಿಟ್ಟುಕೊಳ್ಳುವುದೇ ದಾರಿ.

ಹಳೇ ಚಪ್ಪಲಿ

ಇದು ಅವರೊಬ್ಬರ ಕಥೆ ತಾನೇ? ಎಲ್ಲರಿಗೂ ಹೀಗೇ ಆಗುತ್ತದಾ? ನಾನು ನಾಲ್ಕು ವರ್ಷದಿಂದ ಓಡುತ್ತಿದ್ದೇನೆ, ಓಡಿದ ದಿನ ಇನ್ನೂ ಚುರುಕಾಗಿ ಇರುತ್ತೇನೆ.

ಉಸಿರಿನ ಲೆಕ್ಕ

ಎಲ್ಲರಿಗೂ ಹೀಗಾಗುವುದಿಲ್ಲ. ವಯಸ್ಸಾದವರಲ್ಲಿ ಇದು ಜಾಸ್ತಿ ಕಂಡಿದೆ. 1992ರಲ್ಲಿ ಗೋರಾನ್ ಮತ್ತು ಪೋಲ್ಮನ್ ಅನ್ನುವವರು ಹಿರಿಯರಿಗೆ ಎಂಟು ವಾರ ಕಷ್ಟದ ತರಬೇತಿ ಕೊಟ್ಟು ಅಳೆದರು. ದಿನದ ಒಟ್ಟು ಖರ್ಚು ಏರಲೇ ಇಲ್ಲ. ತರಬೇತಿ ಬಿಟ್ಟು ಉಳಿದ ಹೊತ್ತಿನ ಚಲನೆ ಅಷ್ಟು ಇಳಿದಿತ್ತು. ವಯಸ್ಸು ಕಡಿಮೆ ಇದ್ದು ಮೊದಲೇ ಅಭ್ಯಾಸ ಇದ್ದವರಲ್ಲಿ ಹೀಗಾಗದೇ ಇರಬಹುದು. ನಿಮ್ಮದು ಆ ಗುಂಪು ಅನಿಸುತ್ತದೆ.

ಮನುಷ್ಯರಿಂದ ಮನುಷ್ಯರಿಗೆ ಎಷ್ಟು ವ್ಯತ್ಯಾಸ ಇದೆ ಅನ್ನುವುದಕ್ಕೆ ಇನ್ನೊಂದು ಪ್ರಯೋಗ ಇದೆ. ಅದನ್ನು ಓದಿದ ಮೇಲೆಯೇ ನಾನು ಈ ಕೆಲಸಕ್ಕೆ ಬಂದದ್ದು. 1999ರಲ್ಲಿ ಮೇಯೋ ಕ್ಲಿನಿಕ್‌ನ ಜೇಮ್ಸ್ ಲಿವೈನ್ ಮತ್ತು ಜೊತೆಗಾರರು ಮಾಡಿದ್ದು. 16 ಜನಕ್ಕೆ ಎಂಟು ವಾರ ದಿನಾ 1,000 ಕ್ಯಾಲೊರಿ ಜಾಸ್ತಿ ತಿನ್ನಿಸಿದರು. ವ್ಯಾಯಾಮ ಹೆಚ್ಚಿಸದ ಹಾಗೆ ನೋಡಿಕೊಂಡರು. ಎಲ್ಲರಿಗೂ ಒಂದೇ ಹೆಚ್ಚುವರಿ ಊಟ. ಆದರೆ ಒಬ್ಬರಿಗೆ ಸೇರಿದ ಕೊಬ್ಬು 0.36 ಕೆಜಿ, ಇನ್ನೊಬ್ಬರಿಗೆ 4.23 ಕೆಜಿ. ಈ ಅಂತರವನ್ನು ಅತಿ ಹೆಚ್ಚು ವಿವರಿಸಿದ್ದು ಬಿಡಿ ಓಡಾಟ. ಒಬ್ಬರಲ್ಲಿ ಅದು ದಿನಕ್ಕೆ 692 ಕ್ಯಾಲೊರಿ ಏರಿತ್ತು. ಇನ್ನೊಬ್ಬರಲ್ಲಿ 98 ಇಳಿದಿತ್ತು. ಯಾರಿಗೂ ಓಡಾಡಿ ಅಂತ ಹೇಳಿರಲಿಲ್ಲ. ಕೆಲವರ ದೇಹ ತಾನಾಗಿಯೇ ಎದ್ದು ಓಡಾಡುತ್ತದೆ, ಕೆಲವರದ್ದು ಇಲ್ಲ.

ಹೇಗೆ ಅಳೆದರು ಅಂತ ಕೇಳಬಹುದು. ಸಾಮಾನ್ಯ ನೀರಿಗಿಂತ ಭಾರವಾದ ಪರಮಾಣುಗಳಿರುವ ನೀರು ಕುಡಿಸಿ, ದಿನಗಟ್ಟಲೆ ಮೂತ್ರ ಪರೀಕ್ಷಿಸುತ್ತಾರೆ. ಆ ಹೈಡ್ರೋಜನ್ ಮತ್ತು ಆಮ್ಲಜನಕ ಎಷ್ಟು ಬೇಗ ದೇಹ ಬಿಡುತ್ತವೆ ಅನ್ನುವುದರಿಂದ ಒಟ್ಟು ಖರ್ಚು ತಿಳಿಯುತ್ತದೆ. ಮಾಸ್ಕ್ ಬೇಕಿಲ್ಲ, ಮನೆಯಲ್ಲೇ ಇರಬಹುದು.

ಕಟ್ಟುಬಜೆಟ್

ಹಾಗಾದರೆ ಇಷ್ಟೆಲ್ಲ ಮಾಡಿ ಪ್ರಯೋಜನ ಏನು? ಹರ್ಮನ್ ಪಾಂಟ್ಜರ್ ಅನ್ನುವ ವಿಜ್ಞಾನಿ ಆಫ್ರಿಕಾದ ಹಾಡ್ಜಾ ಬೇಟೆಗಾರರನ್ನು ಅಳೆದದ್ದು ಗೊತ್ತಿಲ್ಲವಾ? ದಿನವೆಲ್ಲ ನಡೆಯುವ ಜನ ಅವರು. ಆದರೂ ದೇಹದ ಗಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಅವರ ಖರ್ಚು ಆಫೀಸಿನಲ್ಲಿ ಕೂರುವವರಷ್ಟೇ ಇತ್ತು. ದೇಹಕ್ಕೆ ಒಂದು ಬಜೆಟ್ ಇದೆ. ನೀವು ಬಾಟಲಿ ತೆಗೆದು ಮತ್ತೆ 1,100 ಹೆಜ್ಜೆ ನಡೆದರೆ ಅದು ಇನ್ನೆಲ್ಲೋ ಉಳಿಸುತ್ತದೆ.

ಉಸಿರಿನ ಲೆಕ್ಕ

2012ರ ಆ ಅಧ್ಯಯನ ಸರಿಯಾಗಿಯೇ ಹೇಳಿದ್ದೀರಿ, ನಾನೂ ಅದನ್ನು ಗೌರವಿಸುತ್ತೇನೆ. ಆದರೆ ಅದು ಜೀವನವಿಡೀ ಹಾಗೆ ಬದುಕಿದವರ ಮಾತು. ಎಂಟು ವಾರದಲ್ಲಿ ಎರಡನೇ ಮಹಡಿಯವರ ದೇಹ ಒಳಗಿನ ಖರ್ಚು ಇಳಿಸಿಬಿಟ್ಟಿತು ಅನ್ನಲು ಆಧಾರವಿಲ್ಲ. ಕಣ್ಣೆದುರಿಗೇ 3,100 ಹೆಜ್ಜೆ ಕಾಣೆಯಾಗಿದೆಯಲ್ಲ, ಮೊದಲು ಅದನ್ನು ನೋಡೋಣ. ಒಳಗಿನ ಹೊಂದಾಣಿಕೆ ಎಷ್ಟು ದೊಡ್ಡದು ಅನ್ನುವುದರ ಬಗ್ಗೆ ನಮ್ಮ ಕ್ಷೇತ್ರದಲ್ಲೇ ಇನ್ನೂ ಜಗಳ ನಡೆಯುತ್ತಿದೆ.

ಕಟ್ಟುಬಜೆಟ್

ನನಗೆ ಒಪ್ಪಿಗೆಯಾಗಿಲ್ಲ. ಹೆಜ್ಜೆ ಕಡಿಮೆಯಾಗುವುದೇ ಆ ಬಜೆಟ್ಟಿನ ಮೊದಲ ಕಂತು ಯಾಕೆ ಆಗಿರಬಾರದು? ಅದನ್ನು ಬಲವಂತವಾಗಿ ತಡೆದರೆ ಎರಡನೇ ಕಂತು ಒಳಗಿನಿಂದ ಬರಬಹುದು.

ಉಸಿರಿನ ಲೆಕ್ಕ

ಒಳ್ಳೆಯ ಪ್ರಶ್ನೆ. ಇದನ್ನು ಅಲ್ಲಗಳೆಯುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.

ನಿಂತೇ ಕೆಲಸ

ನನ್ನ 400ರ ಲೆಕ್ಕ ತಪ್ಪು ಅಂತ ಒಪ್ಪುತ್ತೇನೆ. ಇವತ್ತು ನನ್ನನ್ನೇ ಗಮನಿಸಿದೆ. ನಿಂತಿರುತ್ತೇನೆ ನಿಜ, ಆದರೆ ಮಂಡಿ ಬಿಗಿದು ಒಂದೇ ಕಡೆ. ಗಂಟೆಗೆ 30 ಹೆಜ್ಜೆಯೂ ಇಲ್ಲ. ಮೇಜು ಬಿಡುವುದಿಲ್ಲ, ಬೆನ್ನಿಗೆ ಅದು ಹಿತ. ಆದರೆ ಕಸದ ಬುಟ್ಟಿ ಮತ್ತು ಪ್ರಿಂಟರನ್ನು ಕೋಣೆಯ ಆಚೆ ತುದಿಗೆ ಸರಿಸಿದ್ದೇನೆ.

ಎರಡನೇ ಮಹಡಿ

ಹದಿನೈದು ದಿನದ ನಂತರ ಬರೆಯುತ್ತಿದ್ದೇನೆ. ಬಾಟಲಿ ಮನೆಗೆ ಹೋಯಿತು, ಲೋಟ ವಾಪಸ್ ಬಂತು. ಫೋನ್ ಬಂದರೆ ಎದ್ದು ನಿಲ್ಲುತ್ತೇನೆ, ಎದ್ದ ಮೇಲೆ ಕಾಲು ತಾನಾಗಿ ಓಡಾಡುತ್ತದೆ. ಸಂಜೆ ಪಾತ್ರೆ ಮತ್ತೆ ನನ್ನದು. ಬೆಳಗಿನ ನಡಿಗೆ ಬಿಟ್ಟು ಉಳಿದ ಹೆಜ್ಜೆ 4,100ರಿಂದ 6,300ಕ್ಕೆ ಬಂದಿದೆ. ಮಧ್ಯಾಹ್ನದ ತೂಕಡಿಕೆ ಹೋಗಿಲ್ಲ. ಅದಕ್ಕೆ ಬೆಳಗಿನ ನಡಿಗೆಯನ್ನು ವಾರಕ್ಕೆ ಎರಡು ದಿನ ಅರ್ಧ ಗಂಟೆಗೆ ಇಳಿಸಿದ್ದೇನೆ. ಆ ದಿನಗಳಲ್ಲಿ ಸಂಜೆ ಏಳುವುದು ಸುಲಭವಾಗುತ್ತಿದೆ. ತೂಕ 71.4.

ಉಸಿರಿನ ಲೆಕ್ಕ

ಆ 0.6 ಅನ್ನು ಈಗಲೇ ನಂಬಬೇಡಿ. ದಿನಾ ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ತೂಗಿ. ಏಳು ದಿನದ ಸರಾಸರಿಯನ್ನು ಹಿಂದಿನ ವಾರದ ಸರಾಸರಿ ಜೊತೆ ಇಟ್ಟು ನೋಡಿ. ಆರು ವಾರವಾದರೂ ಬೇಕು. ಅರ್ಧ ಗಂಟೆಯ ದಿನಗಳ ಉಳಿದ ಹೆಜ್ಜೆಯನ್ನು ಬೇರೆ ಬರೆದಿಡಿ. ಆ ದಿನ 30 ನಿಮಿಷ ನಡೆದೂ ಒಟ್ಟು ಹೆಜ್ಜೆ 45 ನಿಮಿಷದ ದಿನದಷ್ಟೇ ಬಂದರೆ, ಅದನ್ನು ಇಲ್ಲಿ ಹಾಕಿ. ಕಟ್ಟುಬಜೆಟ್ ಅವರಿಗೂ ನನಗೂ ಅದನ್ನು ನೋಡಬೇಕಿದೆ.

ಅಂಗಳ ಗುಡಿಸಿದವಳು

ರಜಾದಿನದ ಲೆಕ್ಕವನ್ನೂ ಹಾಕಿ. ನನ್ನದು ಆ ದಿನವೇ ಪೂರ್ತಿ ತಲೆಕೆಳಗಾಗುತ್ತದೆ.